ಓದಿದ್ದಕ್ಕೆ ಸಮಾಧಾನ ಹೇಳಿದರೆ ಸಾಕಾ?

> ಆರು ಜನರ ಬರವಣಿಗೆ ಬಳಗ ನಮ್ಮದು. ಒಬ್ಬರು ಅಪ್ಪನ ಕಾಯಿಲೆ ಬಗ್ಗೆ ಬರೆದದ್ದು ಓದಿದರು, ಎಲ್ಲರೂ ಸಮಾಧಾನ ಹೇಳಿದೆವು. ಆಮೇಲೆ ಅವರು ಬರ್ತಾನೇ ಇಲ್ಲ. ಏನು ತಪ್ಪಾಯ್ತು?

ಬಹುಶಃ ನೀವು ಬರಹವನ್ನು ಬಿಟ್ಟು ಅವರ ಬದುಕಿಗೆ ಪ್ರತಿಕ್ರಿಯೆ ಕೊಟ್ಟಿದ್ದೀರಿ. ಓದುವ ಮೊದಲೇ ಕೇಳಿಬಿಡಿ: ಸುಮ್ನೆ ಕೇಳಿಸಿಕೊಂಡರೆ ಸಾಕಾ, ತಿದ್ದುಪಡಿ ಬೇಕಾ?

ಓದಿದ ಮೇಲೆ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಕ್ರಮ ಹಿಡಿಯಿರಿ, ಬರಹಕ್ಕೂ ಒಗ್ಗುತ್ತದೆ. ಮೊದಲು ಕೇಳಿದವರು ಮನಸ್ಸಲ್ಲಿ ಉಳಿದದ್ದನ್ನು ಹೇಳಬೇಕು, ಉದಾಹರಣೆಗೆ 'ಮಾತ್ರೆ ಡಬ್ಬಿ ಎಣಿಸುವ ಸಾಲು ಉಳಿಯಿತು' ಅಂತ. ಆಮೇಲೆ ಬರೆದವರು ತಮ್ಮ ಅನುಮಾನ ಕೇಳುತ್ತಾರೆ. ಮೂರನೆಯದು ಕೇಳುಗರ ಪ್ರಶ್ನೆ, ಅದರಲ್ಲಿ ಅಭಿಪ್ರಾಯ ಅಡಗಿರಬಾರದು. 'ಕೊನೆ ಯಾಕಿಷ್ಟು ಉದ್ದ' ಅನ್ನುವುದು ಪ್ರಶ್ನೆಯಲ್ಲ, ದೂರು! 'ಕೊನೆಯಲ್ಲಿ ಓದುಗರಿಗೆ ಏನು ತಲುಪಬೇಕು' ಅಂತ ಕೇಳಿ. ಸಲಹೆ ಕಡೆಗೆ, ಅದೂ 'ಹೇಳಲಾ?' ಅಂತ ಕೇಳಿ, ಅವರು ಬೇಡ ಅಂದರೆ ಅಲ್ಲಿಗೇ ಬಿಡಬೇಕು.

ಮಾತಾಡುವಾಗ ಬರಹದಲ್ಲಿ ಬರುವ ಮಗನನ್ನು 'ನೀವು' ಅನ್ನದೆ 'ಇಲ್ಲಿನ ಮಗ' ಅನ್ನಿ. ಮೊದಮೊದಲು ನಾಟಕ ಅನ್ನಿಸುತ್ತದೆ, ಆದರೆ ಒರಟಾಗಿ ಕೇಳಿದರೂ ಪೆಟ್ಟು ಕಥೆಗೆ ಬೀಳುತ್ತದೆ, ಮನುಷ್ಯನಿಗಲ್ಲ.

ಹೋದವರು ವಾಪಸ್ ಬರ್ತಾರೋ ಇಲ್ವೋ ಹೇಳಲಾರೆ. ಒಬ್ಬರೇ ಒಂದು ಮೆಸೇಜ್ ಹಾಕಿ, ಆ ಬರಹದ ಒಂದು ಸಾಲಿನ ಬಗ್ಗೆ ಮಾತ್ರ.