ಅಪಘಾತದ ಮರುದಿನ ಎಲ್ಲರಿಗೂ ಕಳಿಸುವ ಸ್ಟ್ಯಾಂಡ್‌ಡೌನ್ ಇಮೇಲ್

"ನಮ್ಮ ಫೌಂಡ್ರಿಯಲ್ಲಿ ಇವತ್ತು ರಾತ್ರಿ ಸ್ಯಾಂಡ್ ಮಿಕ್ಸರ್ ಕ್ಲೀನ್ ಮಾಡ್ತಿದ್ದಾಗ ಮೆಷಿನ್ ಸ್ಟಾರ್ಟ್ ಆಗಿ ಗುತ್ತಿಗೆ ಕಾರ್ಮಿಕರೊಬ್ಬರ ಕಾಲಿಗೆ ತುಂಬಾ ಪೆಟ್ಟಾಗಿದೆ. ನಾಳೆ ಕೆಲಸ ನಿಲ್ಲಿಸಿ ಸುರಕ್ಷತೆ ಬಗ್ಗೆ ಮಾತಾಡುವ ಸೇಫ್ಟಿ ಸ್ಟ್ಯಾಂಡ್‌ಡೌನ್ ಅಂತ ಎಲ್ಲರಿಗೂ ಇಮೇಲ್ ಕಳಿಸಬೇಕು. ಏನು ಬರೀಬೇಕು, ಹೇಗೆ ಬರೀಬೇಕು?"

ಗಾಯಗೊಂಡವರ ಮನೆಯವರಿಗೆ ಸುದ್ದಿ ಮುಟ್ಟಿದೆಯಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಅದು ಆಗದೆ ಮೇಲ್ ಹೋಗಬಾರದು. ಹೋದರೆ ಹತ್ತು ನಿಮಿಷದಲ್ಲಿ ಅದು ವಾಟ್ಸಾಪ್‌ನಲ್ಲಿ ಅವರ ಊರಿಗೆ ತಲುಪಿರುತ್ತದೆ. ಅವರು ಒಪ್ಪುವ ತನಕ ಮೇಲ್‌ನಲ್ಲಿ ಹೆಸರೂ ಬೇಡ.

ನಾನು ಫೌಂಡ್ರಿಗಳಲ್ಲೇ ಸೇಫ್ಟಿ ಕೆಲಸ ಮಾಡಿಕೊಂಡು ಬಂದವನು, ಹಾಗಾಗಿ ನೇರವಾಗಿ ಕರಡನ್ನೇ ಕೊಡ್ತೀನಿ. ಸಮಯ, ಮೆಷಿನ್ ನಂಬರ್ ಎಲ್ಲ ನಿಮ್ಮದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ವಿಷಯ: ನಿನ್ನೆ ರಾತ್ರಿಯ ಅಪಘಾತ, ಇಂದು ಬೆಳಗ್ಗೆ 6ರಿಂದ ಉತ್ಪಾದನೆ ಬಂದ್

ಎಲ್ಲ ಸಹೋದ್ಯೋಗಿಗಳಿಗೆ,

ನಿನ್ನೆ ರಾತ್ರಿ 9.40ರ ಸುಮಾರಿಗೆ ಸ್ಯಾಂಡ್ ಪ್ಲಾಂಟ್‌ನ 2ನೇ ಮಿಕ್ಸರ್ ಒಳಗೆ ಕ್ಲೀನಿಂಗ್ ನಡೆಯುತ್ತಿದ್ದಾಗ ಮೆಷಿನ್ ಸ್ಟಾರ್ಟ್ ಆಯಿತು. ಒಳಗಿದ್ದ ನಮ್ಮ ಸಹೋದ್ಯೋಗಿಯ ಕಾಲಿಗೆ ತೀವ್ರ ಗಾಯವಾಗಿದೆ. ರಾತ್ರಿಯೇ ಆಪರೇಷನ್ ಆಗಿದೆ, ಆಸ್ಪತ್ರೆಯಲ್ಲಿದ್ದಾರೆ. ಅವರ ಮನೆಯವರ ಜೊತೆ ನಮ್ಮವರು ಇದ್ದಾರೆ. ಮೆಷಿನ್ ಹೇಗೆ ಸ್ಟಾರ್ಟ್ ಆಯಿತು ಎಂದು ಇನ್ನೂ ಗೊತ್ತಾಗಿಲ್ಲ. ತನಿಖೆ ಶುರುವಾಗಿದೆ.

ಇಂದು ಮೂರೂ ಶಿಫ್ಟ್‌ಗಳಲ್ಲಿ ಉತ್ಪಾದನೆ ಇರುವುದಿಲ್ಲ. ಫರ್ನೇಸ್‌ನಲ್ಲಿರುವ ಮೆಟಲ್ ಅನ್ನು ಪಿಗ್ ಮೋಲ್ಡ್‌ಗೆ ಸುರಿದು ಖಾಲಿ ಮಾಡಲು ಮೆಲ್ಟಿಂಗ್ ತಂಡ ಮಾತ್ರ ಕೆಲಸ ಮಾಡುತ್ತದೆ. ಫರ್ನೇಸ್ ಕೂಲಿಂಗ್ ನೀರನ್ನು, ಫೈರ್ ಪಂಪನ್ನು ಯಾರೂ ಬಂದ್ ಮಾಡಬಾರದು.

ಎಲ್ಲರೂ ನಿಮ್ಮ ಶಿಫ್ಟ್‌ಗೆ ಬನ್ನಿ. ಗುತ್ತಿಗೆ ಕಾರ್ಮಿಕರೂ ಸೇರಿ ಎಲ್ಲರಿಗೂ ಇಂದಿನ ಪೂರ್ತಿ ಸಂಬಳ ಇದೆ. ಸೂಪರ್‌ವೈಸರ್ ಜೊತೆ ನಿಮ್ಮ ಮೆಷಿನ್ ಹತ್ತಿರವೇ ಸೇರಿ ಒಂದು ವಿಷಯ ಮಾತಾಡುತ್ತೀರಿ: ಪವರ್ ಲಾಕ್ ಮಾಡದೆ ನಾವು ಎಲ್ಲೆಲ್ಲಿ ಮೆಷಿನ್‌ಗೆ ಕೈ ಹಾಕುತ್ತೇವೆ, ಯಾಕೆ ಹಾಗೆ ಮಾಡಬೇಕಾಗಿ ಬರುತ್ತದೆ? ಈ ಸಭೆಯಲ್ಲಿ ಹೇಳಿದ ಮಾತಿಗೆ ಯಾರ ಮೇಲೂ ಕ್ರಮ ಇಲ್ಲ.

ಅಪಘಾತ ಆದ ಜಾಗಕ್ಕೆ ಹೋಗಬೇಡಿ, ಏನನ್ನೂ ಮುಟ್ಟಬೇಡಿ. ಫೋಟೊ, ವಿಡಿಯೊ ಇದ್ದರೆ ಯಾರಿಗೂ ಕಳಿಸಬೇಡಿ, ಅಳಿಸಲೂ ಬೇಡಿ, ಸೇಫ್ಟಿ ಆಫೀಸರ್‌ಗೆ ತೋರಿಸಿ. ಕಣ್ಣಾರೆ ನೋಡಿದವರಿಗೆ ಇಂದು ಕೆಲಸಕ್ಕೆ ಬರಲು ಮನಸ್ಸಾಗದಿದ್ದರೆ ಸೂಪರ್‌ವೈಸರ್‌ಗೆ ಹೇಳಿದರೆ ಸಾಕು, ರಜೆ ಕಟ್ ಆಗುವುದಿಲ್ಲ.

ಪ್ರತಿ ಮೆಷಿನ್ ಚೆಕ್ ಆಗಿ, ಮೇಂಟೆನೆನ್ಸ್ ಮತ್ತು ಸೇಫ್ಟಿಯವರು ಸಹಿ ಹಾಕಿದ ಮೇಲೆ ಆ ಮೆಷಿನ್ ಶುರು ಮಾಡಲು ನಾನೇ ಅನುಮತಿ ಕೊಡುತ್ತೇನೆ. ಸಂಜೆ 5ಕ್ಕೆ ಮತ್ತೆ ಬರೆಯುತ್ತೇನೆ.

ಪ್ಲಾಂಟ್ ಹೆಡ್

ಇಷ್ಟೇ ಸಾಕು. ಇದು ಪ್ಲಾಂಟ್ ಹೆಡ್ ಹೆಸರಲ್ಲೇ ಹೋಗಲಿ, ಎಚ್‌ಆರ್ ಹೆಸರಲ್ಲಿ ಬೇಡ. ಪ್ರೊಡಕ್ಷನ್ ನಿಲ್ಲಿಸುವ ಅಧಿಕಾರ ಯಾರಿಗಿದೆ ಅಂತ ಶಾಪ್ ಫ್ಲೋರ್‌ನಲ್ಲಿ ಎಲ್ಲರಿಗೂ ಗೊತ್ತು.

ಧಾಟಿ ಬಗ್ಗೆ ಕೇಳಿದಿರಿ. "ದುರದೃಷ್ಟಕರ ಘಟನೆ", "ಸುರಕ್ಷತೆಯೇ ನಮ್ಮ ಮೊದಲ ಆದ್ಯತೆ" ಇವೆರಡನ್ನೂ ಬಿಟ್ಟುಬಿಡಿ. ರಾತ್ರಿ ಆ ಕಿರುಚಾಟ ಕೇಳಿದವರು ಬೆಳಗ್ಗೆ ಇದನ್ನು ಓದಿದರೆ ಮುಂದಿನ ಸಾಲು ಓದುವುದಿಲ್ಲ. ಅದಕ್ಕಿಂತ ಅಪಾಯದ್ದು "ಅಜಾಗರೂಕತೆಯಿಂದ", "ನಿಯಮ ಪಾಲಿಸದೆ" ಅನ್ನುವ ಪದಗಳು. ಕಾರಣ ಗೊತ್ತಾಗುವ ಮೊದಲೇ ಇದನ್ನು ಬರೆದರೆ, ಗಾಯಗೊಂಡವರದೇ ತಪ್ಪು ಅಂತ ಕಂಪನಿ ತೀರ್ಮಾನ ಮಾಡಿದೆ ಅಂತ ಜನ ಅರ್ಥ ಮಾಡಿಕೊಳ್ತಾರೆ, ಆಮೇಲೆ ತನಿಖೆಯಲ್ಲಿ ಯಾರೂ ಬಾಯಿ ಬಿಡಲ್ಲ. ಆದದ್ದನ್ನು ಆದ ಹಾಗೆ ಹೇಳಿ: ಮೆಷಿನ್ ಸ್ಟಾರ್ಟ್ ಆಯಿತು, ಹೇಗೆ ಅಂತ ಗೊತ್ತಿಲ್ಲ.

"ಕ್ರಮ ಇಲ್ಲ" ಅನ್ನುವ ಸಾಲನ್ನು ಮ್ಯಾನೇಜ್‌ಮೆಂಟ್ ನಿಜವಾಗಿ ಒಪ್ಪಿದ್ದರೆ ಮಾತ್ರ ಹಾಕಿ. ಅದು ಸಭೆಯ ಮಾತಿಗೆ ಮಾತ್ರ ಅನ್ವಯ. ಪೊಲೀಸರ ವಿಚಾರಣೆ, ಕಾರ್ಖಾನೆ ಇನ್‌ಸ್ಪೆಕ್ಟರ್ ತನಿಖೆ ಬೇರೆ, ಅದರ ಬಗ್ಗೆ ನೀವು ಮಾತು ಕೊಡೋಕಾಗಲ್ಲ. ಅಂದಹಾಗೆ ಇನ್‌ಸ್ಪೆಕ್ಟರ್‌ಗೆ ಕೊಡಬೇಕಾದ ಅಪಘಾತದ ನೋಟಿಸ್ ಬೇರೆಯೇ ಕೆಲಸ, ಈ ಮೇಲ್ ಕಳಿಸಿದರೆ ಅದು ಮುಗಿದ ಹಾಗಲ್ಲ.

ಫರ್ನೇಸ್ ಸಾಲು ಯಾಕೆ ಅಂದರೆ, "ಎಲ್ಲಾ ಬಂದ್" ಅಂತ ಬರೆದರೆ ಯಾರಾದರೂ ನಿಜವಾಗಲೂ ಎಲ್ಲಾ ಬಂದ್ ಮಾಡಿಬಿಡ್ತಾರೆ. ಇಂಡಕ್ಷನ್ ಫರ್ನೇಸ್‌ನಲ್ಲಿ ಮೆಟಲ್ ಹಾಗೇ ಉಳಿದು ಗಟ್ಟಿಯಾದರೆ, ಮತ್ತೆ ಕರಗಿಸುವಾಗ ಮೇಲೆ ಗಟ್ಟಿ ಪದರ ನಿಂತು ಕೆಳಗಿನ ಮೆಟಲ್ ವಿಪರೀತ ಕಾಯುತ್ತೆ, ಲೈನಿಂಗ್ ತಿಂದು ಕಾಯಿಲ್ ತನಕ ಹೋಗಬಹುದು. ಪವರ್ ತೆಗೆದ ಮೇಲೂ ಲೈನಿಂಗ್ ಬಿಸಿ ಇರುವಷ್ಟು ಹೊತ್ತು ಕಾಯಿಲ್‌ಗೆ ನೀರು ಹರಿಯುತ್ತಲೇ ಇರಬೇಕು. ಒಂದು ಅಪಘಾತದ ಸ್ಟ್ಯಾಂಡ್‌ಡೌನ್ ಇನ್ನೊಂದಕ್ಕೆ ದಾರಿ ಆಗಬಾರದು ಅಲ್ವಾ.

ಇನ್ನು ಸಭೆ. ಕ್ಯಾಂಟೀನ್‌ನಲ್ಲಿ ಇನ್ನೂರು ಜನರನ್ನು ಕೂರಿಸಿ ಸ್ಲೈಡ್ ತೋರಿಸಿ ಸಹಿ ಹಾಕಿಸಿಕೊಂಡರೆ ಅದು ಮಾರ್ಚ್ 4ರ ಸುರಕ್ಷತಾ ದಿನದ ಕಾರ್ಯಕ್ರಮ ಆಗುತ್ತೆ, ಸ್ಟ್ಯಾಂಡ್‌ಡೌನ್ ಆಗಲ್ಲ. ಮೆಷಿನ್ ಮುಂದೆ ಎಂಟು ಹತ್ತು ಜನ ನಿಲ್ಲಲಿ. ಆ ಮೆಷಿನ್‌ಗೆ ಪವರ್ ಬರುವ ಬ್ರೇಕರ್ ಯಾವುದು ಅಂತ ಆಪರೇಟರ್ ತೋರಿಸಲಿ, ಪ್ಯಾನೆಲ್ ಮೇಲಿನ ಹೆಸರು ಅದಕ್ಕೆ ತಾಳೆ ಆಗುತ್ತಾ ನೋಡಿ. ಅದನ್ನು ಆಫ್ ಮಾಡಿ, ಒಳಗೆ ಇಳಿಯುವವನು ತನ್ನ ಲಾಕ್ ಹಾಕಿ ಕೀ ಜೇಬಿಗೆ ಇಟ್ಟುಕೊಳ್ಳಲಿ. ಆಮೇಲೆ ಅಕ್ಕಪಕ್ಕ ಯಾರೂ ಇಲ್ಲ ಅಂತ ನೋಡಿಕೊಂಡು ಸ್ಟಾರ್ಟ್ ಬಟನ್ ಒತ್ತಿ ನೋಡಲಿ. ಸ್ಟಾರ್ಟ್ ಆಗದಿದ್ದರೆ ಮಾತ್ರ ಲಾಕ್ ಸರಿ ಜಾಗದಲ್ಲಿದೆ. ಎಮರ್ಜೆನ್ಸಿ ಸ್ಟಾಪ್ ಒತ್ತಿ ಒಳಗೆ ಇಳಿಯುವ ಅಭ್ಯಾಸ ಬಹಳ ಕಡೆ ಇದೆ. ಅದನ್ನು ಯಾರು ಬೇಕಾದರೂ ತಿರುಗಿಸಿ ಬಿಡಬಹುದು, ಅದು ಲಾಕ್ ಅಲ್ಲ.

ಸಭೆ ಸರಿಯಾಗಿ ನಡೀತಾ ಅಂತ ಅಲ್ಲಿ ಬಂದ ಮಾತು ಬರೆದ ಶೀಟ್ ನೋಡಿದರೆ ಗೊತ್ತಾಗುತ್ತೆ. ಎಲ್ಲಾ ವಿಭಾಗದಿಂದ "ಹೆಲ್ಮೆಟ್ ಹಾಕಬೇಕು, ಶೂ ಹಾಕಬೇಕು" ಅಂತ ಬಂದಿದ್ದರೆ ಯಾರೂ ಮಾತಾಡಿಲ್ಲ, ಸೂಪರ್‌ವೈಸರ್ ಕೂತು ತುಂಬಿದ್ದಾರೆ. ನಿಜವಾಗಿ ಮಾತಾಡಿದ್ದರೆ ಬೇರೆ ತರಹದ ಮಾತು ಬರುತ್ತೆ: ಇಡೀ ಶಿಫ್ಟ್‌ಗೆ ಒಂದೇ ಲಾಕ್ ಇದೆ, ಅದರ ಕೀ ಪ್ಯಾನೆಲ್ ಪಕ್ಕದ ಮೊಳೆಗೇ ನೇತಾಡ್ತಿರುತ್ತೆ, ಬಾಗಿಲಿನ ಲಿಮಿಟ್ ಸ್ವಿಚ್‌ಗೆ ತಂತಿ ಸುತ್ತಿ ಬೈಪಾಸ್ ಮಾಡಿದ್ದಾರೆ, ಲಾಕ್ ಹಾಕೋಕೆ ಎಲೆಕ್ಟ್ರಿಷಿಯನ್ ಬರೋ ತನಕ ಕಾದರೆ ಮೋಲ್ಡಿಂಗ್ ಲೈನ್ ನಿಲ್ಲುತ್ತೆ ಅಂತ ಬೈಗುಳ. ಇಂಥದ್ದು ಬಂದರೆ ಆ ಮೆಷಿನ್ ಸರಿಯಾಗುವ ತನಕ ಶುರು ಮಾಡಬೇಡಿ. ಅದಕ್ಕೇ ಕರಡಿನಲ್ಲಿ "ಮಧ್ಯಾಹ್ನ 2ಕ್ಕೆ ಉತ್ಪಾದನೆ ಆರಂಭ" ಅಂತ ಹಾಕಿಲ್ಲ. ಗಡಿಯಾರ ಹಾಕಿದರೆ ಎಲ್ಲರೂ ಗಡಿಯಾರ ನೋಡ್ತಾರೆ.

ಮಿಕ್ಸರ್ ಒಳಗೆ ಇಳಿಯುವವರಿಗೆ ಬಹುತೇಕ ಕಂಪನಿ ಮೇಲ್ ಐಡಿಯೇ ಇರಲ್ಲ. ಹಾಗಾಗಿ ಇದೇ ಮಾತನ್ನು ಕನ್ನಡದಲ್ಲಿ, ಜೊತೆಗೆ ನಿಮ್ಮಲ್ಲಿ ಹಿಂದಿ, ಒಡಿಯಾ ಮಾತಾಡುವವರು ಇದ್ದರೆ ಆ ಭಾಷೆಯಲ್ಲೂ ಪ್ರಿಂಟ್ ತೆಗೆದು ಗೇಟ್ ಹತ್ತಿರ, ಪಂಚಿಂಗ್ ಮೆಷಿನ್ ಹತ್ತಿರ ಅಂಟಿಸಿ, ಶಿಫ್ಟ್ ಶುರುವಿನಲ್ಲಿ ಓದಿಸಿ. ಗುತ್ತಿಗೆದಾರರಿಗೆ ಸಂಬಳದ ವಿಷಯ ರಾತ್ರಿಯೇ ಫೋನ್ ಮಾಡಿ ಹೇಳಿ, ಇಲ್ಲದಿದ್ದರೆ "ಇವತ್ತು ಕೆಲಸ ಇಲ್ಲ" ಅಂತ ಗುತ್ತಿಗೆ ಕಾರ್ಮಿಕರನ್ನು ಗೇಟ್‌ನಿಂದಲೇ ವಾಪಸ್ ಕಳಿಸ್ತಾರೆ. ಗೇಟ್‌ನಲ್ಲಿ "ಅಪಘಾತವಿಲ್ಲದ ದಿನಗಳು" ಬೋರ್ಡ್ ಇದ್ದರೆ ಜನ ಒಳಗೆ ಬರುವ ಮೊದಲೇ ಸೊನ್ನೆ ಮಾಡಿಸಿ.

ಸಂಜೆ 5ರ ಮೇಲ್ ತಪ್ಪಿಸಬೇಡಿ. ಅದರಲ್ಲಿ ಗಾಯಗೊಂಡವರು ಹೇಗಿದ್ದಾರೆ ಅನ್ನೋದು ಮೊದಲ ಸಾಲು, ಆಮೇಲೆ ಯಾವ ವಿಭಾಗದಲ್ಲಿ ಏನು ಸಿಕ್ಕಿತು, ಯಾವ ಮೆಷಿನ್ ಶುರು ಆಯ್ತು, ಯಾವುದು ಯಾಕೆ ಇನ್ನೂ ನಿಂತಿದೆ. 2ನೇ ಮಿಕ್ಸರ್ ಮಾತ್ರ ತನಿಖೆ ಮಾಡುವವರು ಬಿಡುವ ತನಕ ಹಾಗೇ ಇರಲಿ.