ಟಾಸ್‌ನಲ್ಲಿ ಕಾಣೆಯಾಗುವ ಹತ್ತು ರೂಪಾಯಿ

"ನನ್ನ ಅಕ್ಕನ ಮಗ ಕ್ರಿಕೆಟ್ ಟಾಸ್ ಮೇಲೆ ದುಡ್ಡು ಕಟ್ತಾನೆ. ಮ್ಯಾಚ್ ಮೇಲಲ್ಲ, ಬರೀ ಟಾಸ್ ಮೇಲೆ. ನೂರು ಕಟ್ಟಿ ಗೆದ್ದರೆ ನೂರ ತೊಂಬತ್ತು ವಾಪಸ್ ಬರುತ್ತಂತೆ. ಎರಡೂ ತಂಡಕ್ಕೆ ಒಂದೇ ರೇಟು. 'ನಾಣ್ಯದಲ್ಲಿ ಮೋಸ ಎಲ್ಲಿಂದ ಬರುತ್ತೆ? ಫಿಫ್ಟಿ-ಫಿಫ್ಟಿ. ಸೋತರೆ ಮುಂದಿನದಕ್ಕೆ ಡಬಲ್ ಹಾಕಿದ್ರಾಯ್ತು' ಅಂತಾನೆ. ಎಲ್ಲೋ ತಪ್ಪಿದೆ ಅನ್ಸುತ್ತೆ. ಎಲ್ಲಿ ಅಂತ ತೋರಿಸೋಕೆ ಬರ್ತಿಲ್ಲ."
— ಓದುಗರೊಬ್ಬರು, ಹಾಸನ

ಚಿಕ್ಕವರಿದ್ದಾಗ ನಮ್ಮ ಹತ್ತಿರ ನಾಣ್ಯ ಇರುತ್ತಿರಲಿಲ್ಲ. ಹೆಂಚಿನ ಚೂರೊಂದನ್ನು ಹುಡುಕಿ, ಒಂದು ಕಡೆ ಉಗುಳಿ, ಮೇಲಕ್ಕೆ ಎಸೆಯುತ್ತಿದ್ದೆವು. "ಒದ್ದೆಯೋ, ಒಣವೋ?" ಅಂತ ಕೂಗಬೇಕು. ಅದೇ ನಮ್ಮ ಟಾಸ್. ಆ ಚೂರಿನ ಮೇಲೆ ನಾನು ಮತ್ತು ನನ್ನ ಗೆಳೆಯ ತಲಾ ನೂರು ರೂಪಾಯಿ ಕಟ್ಟಿದೆವು ಅಂತಿಟ್ಟುಕೊಳ್ಳಿ. ನೆಲದ ಮೇಲೆ ಇನ್ನೂರು ಇದೆ. ಗೆದ್ದವನು ಇನ್ನೂರನ್ನೂ ಎತ್ತಿಕೊಳ್ಳುತ್ತಾನೆ. ಇದು ಸಮದ ಆಟ. ಒಂದಕ್ಕೆ ಎರಡು. ಬೆಟ್ಟಿಂಗ್‌ನವರ ಲೆಕ್ಕದಲ್ಲಿ ಬರೆದರೆ ದರ 2.00.

ಈಗ ಮೂರನೆಯವನೊಬ್ಬ ಬರುತ್ತಾನೆ. "ದುಡ್ಡು ನನ್ನ ಕೈಯಲ್ಲಿರಲಿ, ಗೆದ್ದವನಿಗೆ ನಾನೇ ಕೊಡ್ತೀನಿ" ಅಂತಾನೆ. ಒದ್ದೆ ಬಿದ್ದರೆ ಒಬ್ಬನಿಗೆ ನೂರ ತೊಂಬತ್ತು, ಒಣ ಬಿದ್ದರೆ ಇನ್ನೊಬ್ಬನಿಗೆ ನೂರ ತೊಂಬತ್ತು. ಇಬ್ಬರಿಗೂ ಒಂದೇ ರೇಟು, ಭೇದಭಾವ ಇಲ್ಲ. ಆದರೆ ಚೂರು ಯಾವ ಕಡೆ ಬಿದ್ದರೂ ಹತ್ತು ರೂಪಾಯಿ ಅವನ ಜೇಬಿಗೆ ಹೋಯ್ತು. ಅವನು ಚೂರನ್ನು ಮುಟ್ಟಿಲ್ಲ, ಮೋಸ ಮಾಡಿಲ್ಲ. ನಿಮ್ಮ ಅಕ್ಕನ ಮಗ ನಾಣ್ಯದಲ್ಲಿ ಮೋಸ ಹುಡುಕುತ್ತಿದ್ದಾನೆ. ನಾಣ್ಯ ಸರಿಯಾಗೇ ಇದೆ. ಕೊಡುವ ದುಡ್ಡು ಕಮ್ಮಿ.

ಸಮದ ದರ ಎರಡೇ ಯಾಕಾಗಬೇಕು? ಎರಡು ಸಲ ಕಟ್ಟಿದರೆ ಇನ್ನೂರು ಹೋಗುತ್ತದೆ. ಸರಾಸರಿ ಒಂದು ಸಲ ಗೆಲ್ಲುತ್ತೀರಿ. ಆ ಒಂದು ಗೆಲುವು ಎರಡೂ ಸಲದ ಖರ್ಚನ್ನು ತುಂಬಬೇಕಾದರೆ ಇನ್ನೂರು ಬರಲೇಬೇಕು. ಬರುವುದು ನೂರ ತೊಂಬತ್ತು. ಎರಡು ಟಾಸ್‌ಗೆ ಹತ್ತು ರೂಪಾಯಿ, ಅಂದರೆ ಕಟ್ಟಿದ ಪ್ರತಿ ನೂರಕ್ಕೆ ಐದು ರೂಪಾಯಿ ಖೋತಾ. ದರ 1.95 ಇದ್ದರೆ ನೂರಕ್ಕೆ ಎರಡೂವರೆ. 1.98 ಇದ್ದರೆ ಒಂದು ರೂಪಾಯಿ. ಎರಡರಿಂದ ದರವನ್ನು ಕಳೆದು ಅರ್ಧ ಮಾಡಿ, ನೂರರಿಂದ ಗುಣಿಸಿ, ಸಾಕು.

ಈ ಲೆಕ್ಕ ಇಷ್ಟು ಸಲೀಸಾಗಿ ಸಿಗುವುದು ಟಾಸ್‌ನಲ್ಲಿ ಮಾತ್ರ. ಮ್ಯಾಚ್ ಯಾರು ಗೆಲ್ಲುತ್ತಾರೆ ಅನ್ನುವುದಕ್ಕೆ ಒಂದು ಕಡೆ 1.65, ಇನ್ನೊಂದು ಕಡೆ 2.25 ಅಂತ ದರ ಇದ್ದರೆ, ಅದರಲ್ಲೂ ಹೆಚ್ಚು ಕಮ್ಮಿ ಇದೇ ಐದು ರೂಪಾಯಿ ಅಡಗಿದೆ. ಆದರೆ ನಿಜವಾದ ದರ ಎಷ್ಟಿರಬೇಕಿತ್ತು ಅಂತ ಅಲ್ಲಿ ಯಾರಿಗೂ ಖಚಿತವಿಲ್ಲ. "ಪಿಚ್ ನೋಡಿದ್ದೀನಿ, ಇಬ್ಬನಿ ಬೀಳುತ್ತೆ, ಬುಕ್ಕಿಗಿಂತ ನನಗೆ ಜಾಸ್ತಿ ಗೊತ್ತು" ಅಂತ ವಾದ ಮಾಡುವುದಕ್ಕೆ ಜಾಗವಿದೆ. ಟಾಸ್‌ನಲ್ಲಿ ಆ ಜಾಗವೂ ಇಲ್ಲ. ಸರಿಯಾದ ದರ ಎರಡು ಅಂತ ಹೈಸ್ಕೂಲ್ ಹುಡುಗನಿಗೂ ಗೊತ್ತು. 1.90 ಅಂತ ಬೋರ್ಡಿನ ಮೇಲೆ ಬರೆದಿರುವುದು ಅಂಗಡಿಯವನ ಕಮಿಷನ್ ರಸೀದಿ. ಎಲ್ಲರೂ ಓದುತ್ತಾರೆ, ರಸೀದಿ ಅಂತ ಯಾರೂ ಓದುವುದಿಲ್ಲ.

ಐದು ರೂಪಾಯಿ ಏನು ಮಹಾ ಅನ್ನಬಹುದು. ಐಪಿಎಲ್‌ಗೆ ಹಾಕಿ ನೋಡೋಣ. ಒಂದು ಸೀಸನ್‌ಗೆ ವೇಳಾಪಟ್ಟಿಯಲ್ಲಿ 74 ಪಂದ್ಯ. ಪ್ರತಿ ಟಾಸ್‌ಗೂ ನೂರು ಕಟ್ಟಿದರೆ ಒಟ್ಟು 7,400. (ಮಳೆ ಬಂದರೆ ಟಾಸೇ ಇರುವುದಿಲ್ಲ. 2025ರ ಮೇ 17ರಂದು ಚಿನ್ನಸ್ವಾಮಿಯಲ್ಲಿ ಹಾಗೇ ಆಯ್ತು. ಸಾಮಾನ್ಯವಾಗಿ ಅಂಥ ಬೆಟ್ ರದ್ದಾಗಿ ದುಡ್ಡು ವಾಪಸ್ ಬರುತ್ತದೆ. ಅದನ್ನು ಬಿಡೋಣ.) ಅರ್ಧಕ್ಕರ್ಧ, ಅಂದರೆ 37 ಗೆದ್ದರೆ 370 ರೂಪಾಯಿ ನಷ್ಟ. ಒಂದು ಜಾಸ್ತಿ, 38 ಗೆದ್ದರೂ 180 ನಷ್ಟ. ಅರ್ಧಕ್ಕಿಂತ ಹೆಚ್ಚು ಸಲ ಗೆದ್ದವನು ದುಡ್ಡು ಕಳೆದುಕೊಂಡು ಮನೆಗೆ ಹೋಗುತ್ತಾನೆ! 39 ಗೆದ್ದರೆ ಲಾಭ ಇದೆ. ಎಷ್ಟು ಗೊತ್ತೇ? ಹತ್ತು ರೂಪಾಯಿ.

39 ಅಥವಾ ಹೆಚ್ಚು ಗೆಲ್ಲುವ ಸಾಧ್ಯತೆ ಸುಮಾರು ನೂರಕ್ಕೆ 36. ಅಂದರೆ ಹೀಗೆ ಕಟ್ಟುವ ಮೂವರಲ್ಲಿ ಒಬ್ಬನಾದರೂ ಸೀಸನ್ ಕೊನೆಗೆ ಲಾಭದಲ್ಲಿರುತ್ತಾನೆ. ಕಾಯಿಲೆ ಗೊತ್ತಾಗದೆ ಉಳಿಯುವುದು ಇದರಿಂದಲೇ. ಆ ಒಬ್ಬ ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ, ಮಿಕ್ಕವರು ಬಾಯಿ ಬಿಡುವುದಿಲ್ಲ. ಅದೇ ಸಾವಿರ ಟಾಸ್‌ಗೆ ಹೋದರೆ ಲಾಭಕ್ಕೆ ಕನಿಷ್ಠ 527 ಗೆಲ್ಲಬೇಕು. ಅದಾಗುವುದು ಇಪ್ಪತ್ತರಲ್ಲಿ ಒಬ್ಬನಿಗೆ. ಆಟ ಉದ್ದವಾದಷ್ಟೂ ಅದೃಷ್ಟದ ಏರಿಳಿತ ಸಣ್ಣದಾಗಿ ಕಾಣುತ್ತದೆ, ಐದು ರೂಪಾಯಿ ಮಾತ್ರ ಪ್ರತಿ ನೂರಕ್ಕೂ ತಪ್ಪದೆ ಕಡಿತವಾಗುತ್ತಿರುತ್ತದೆ.

ಇನ್ನು ಡಬಲ್ ಹಾಕುವ ವಿಷಯ. ಇದಕ್ಕೆ ಒಳ್ಳೆಯ ಉದಾಹರಣೆ ನಮ್ಮ ತಂಡವೇ ಕೊಟ್ಟಿದೆ. 2023ರ ನವೆಂಬರ್ 19, ಅಹಮದಾಬಾದ್, ವಿಶ್ವಕಪ್ ಫೈನಲ್. ಟಾಸ್ ಗೆದ್ದಿದ್ದು ಪ್ಯಾಟ್ ಕಮಿನ್ಸ್. ಅಲ್ಲಿಂದ ಶುರುವಾಗಿ ಭಾರತ ಏಕದಿನ ಪಂದ್ಯಗಳಲ್ಲಿ ಸಾಲಾಗಿ 20 ಟಾಸ್ ಸೋತಿತು. ರೋಹಿತ್ ಶರ್ಮಾ 12, ಶುಭಮನ್ ಗಿಲ್ 3, ನಮ್ಮ ಕೆ.ಎಲ್. ರಾಹುಲ್ 5. ಕೊನೆಗೆ 2025ರ ಡಿಸೆಂಬರ್ 6ರಂದು ವಿಶಾಖಪಟ್ಟಣದಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ರಾಹುಲ್ ಟಾಸ್ ಗೆದ್ದರು.

ಒಬ್ಬ ಮಾರಾಯ ಅಹಮದಾಬಾದಿನಲ್ಲಿ ಭಾರತದ ಮೇಲೆ ನೂರು ಕಟ್ಟಿ, ಸೋತಾಗಲೆಲ್ಲ ಡಬಲ್ ಮಾಡುತ್ತಾ ಹೋದ ಅಂದುಕೊಳ್ಳಿ. ಇಪ್ಪತ್ತು ಸೋಲಿಗೆ ಅವನು ಕಳೆದುಕೊಂಡಿದ್ದು ಹತ್ತೂ ಕಾಲು ಕೋಟಿ ದಾಟಿ, 10,48,57,500 ರೂಪಾಯಿ. ವಿಶಾಖಪಟ್ಟಣದಲ್ಲಿ ಅವನು ಕಟ್ಟಬೇಕಾದದ್ದು 10,48,57,600. ಅಷ್ಟು ದುಡ್ಡು ಅವನಲ್ಲಿತ್ತು, ಬುಕ್ಕಿಯೂ ತೆಗೆದುಕೊಂಡ ಅಂತಲೇ ಇಟ್ಟುಕೊಳ್ಳಿ. ರಾಹುಲ್ ಗೆದ್ದರು. ಅವನೂ ಗೆದ್ದ. 1.90 ದರದಲ್ಲಿ ಅವನ ಗೆಲುವು 9,43,71,840. ಹಿಂದಿನ ಸೋಲಿನಿಂದ ಇದನ್ನು ಕಳೆಯಿರಿ. ಟಾಸ್ ಗೆದ್ದ ಮೇಲೂ ಒಂದು ಕೋಟಿ ನಾಲ್ಕೂ ಮುಕ್ಕಾಲು ಲಕ್ಷಕ್ಕಿಂತ ಜಾಸ್ತಿ ನಷ್ಟ.

ಇದು ಕೋಟಿಯ ಕಥೆ, ನಮಗೇಕೆ ಅನ್ನಬೇಡಿ. ಸಣ್ಣ ಮೊತ್ತದಲ್ಲೇ ಶುರುವಾಗುತ್ತದೆ. ಮೊದಲ ಟಾಸ್ ಗೆದ್ದರೆ 90 ರೂಪಾಯಿ ಲಾಭ. ಒಂದು ಸೋತು ಎರಡನೆಯದು ಗೆದ್ದರೆ 80. ಎರಡು ಸೋತು ಗೆದ್ದರೆ 60. ಮೂರು ಸೋತು ಗೆದ್ದರೆ ಬರೀ 20. ನಾಲ್ಕು ಸೋತು, ಐದನೆಯದಕ್ಕೆ 1,600 ಕಟ್ಟಿ ಗೆದ್ದರೆ ಬರುವ ಲಾಭ 1,440. ಅಷ್ಟರಲ್ಲಿ ಕಳೆದಿದ್ದು 1,500. ಗೆದ್ದೂ 60 ರೂಪಾಯಿ ನಷ್ಟ. ದರ ಎರಡಿದ್ದರೆ ಯಾವಾಗ ಗೆದ್ದರೂ ಅದೇ ನೂರು ಲಾಭ ಸಿಗುತ್ತಿತ್ತು. ಡಬಲ್ ಮಾಡುವ ಉಪಾಯ ಹುಟ್ಟಿದ್ದೇ ಸಮದ ದರಕ್ಕೆ. 1.90ಕ್ಕೆ ಅದು ಐದನೇ ಹೆಜ್ಜೆಯಲ್ಲೇ ಕುಂಟುತ್ತದೆ. ಈ ಐದು ಸಾಲನ್ನು ಹುಡುಗನ ಕೈಲೇ ಒಂದು ಹಾಳೆಯಲ್ಲಿ ಬರೆಸಿ. ನೀವು ಹೇಳುವುದಕ್ಕಿಂತ ಅವನೇ ಕೂಡಿ ಕಳೆಯುವುದು ವಾಸಿ.

"ಇಪ್ಪತ್ತು ಸೋತ ಮೇಲೆ ಗೆಲ್ಲಲೇಬೇಕಲ್ವಾ" ಅನ್ನುವ ಮಾತೂ ಬರಬಹುದು. ಒಂದು ಟಾಸ್ ಅನ್ನು ಗುರುತು ಮಾಡಿ ಅಲ್ಲಿಂದ ಸಾಲಾಗಿ ಇಪ್ಪತ್ತು ಸೋಲುವ ಸಾಧ್ಯತೆ ಹತ್ತು ಲಕ್ಷಕ್ಕೂ ಮಿಕ್ಕಿ ಒಂದು, ನಿಜ. ಆದರೆ ಅದು ಮೊದಲ ಟಾಸ್‌ಗೆ ಮುಂಚೆ ಹೇಳಬೇಕಾದ ಮಾತು. ರಾಹುಲ್ ನಾಣ್ಯ ಎಸೆಯುವ ಹೊತ್ತಿಗೆ ಇಪ್ಪತ್ತು ಮುಗಿದುಹೋಗಿತ್ತು. ಉಳಿದಿದ್ದು ಒಂದೇ ನಾಣ್ಯ, ಎರಡೇ ಮುಖ. ಅಷ್ಟಕ್ಕೂ ಅವತ್ತು ಮುಖ ಕೂಗಬೇಕಾಗಿದ್ದು ಎದುರಾಳಿ ನಾಯಕ ಬವುಮಾ. ಆತಿಥೇಯ ನಾಯಕ ಎಸೆಯುತ್ತಾನೆ, ಬಂದವನು ಕೂಗುತ್ತಾನೆ.

ಹಾಗಾದರೆ ನಾಣ್ಯ ನಿಜವಾಗಿ ಸಮವೇ? ಪೂರ್ತಿ ಅಲ್ಲ, ಇದು ಸ್ವಾರಸ್ಯದ ವಿಷಯ. ಕೈಯಿಂದ ಚಿಮ್ಮಿದ ನಾಣ್ಯ ಶುರುವಿನಲ್ಲಿ ಮೇಲಿದ್ದ ಮುಖವನ್ನೇ ತೋರಿಸುತ್ತಾ ಬೀಳುವ ಒಲವು ಸ್ವಲ್ಪ ಜಾಸ್ತಿ ಅಂತ ಗಣಿತಜ್ಞ ಪರ್ಸಿ ಡಯಾಕೋನಿಸ್ ಮತ್ತು ಜೊತೆಗಾರರು 2007ರಲ್ಲಿ ಲೆಕ್ಕ ಹಾಕಿ ಹೇಳಿದ್ದರು. 2023ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಫ್ರಾಂಟಿಷೆಕ್ ಬಾರ್ಟೋಷ್ ಮತ್ತು ತಂಡದವರು ಕೂತು 3,50,757 ಸಲ ನಾಣ್ಯ ಚಿಮ್ಮಿ ಎಣಿಸಿದರು. ಉತ್ತರ: ನೂರಕ್ಕೆ 50.8. ಈ ತಾಳ್ಮೆಗೆ ಅವರಿಗೆ ಮರುವರ್ಷ ಇಗ್ ನೊಬೆಲ್ ಸಿಕ್ಕಿತು.

ಇದರಿಂದ ನಿಮ್ಮ ಹುಡುಗನಿಗೆ ಏನಾದರೂ ಉಪಯೋಗವಿದೆಯೇ? 1.90 ದರದಲ್ಲಿ ಅಸಲು ಉಳಿಯಬೇಕಾದರೆ ನೂರಕ್ಕೆ 52.63 ಸಲ ಗೆಲ್ಲಬೇಕು. 50.8 ಇಟ್ಟುಕೊಂಡು ಕಟ್ಟಿದರೂ ನೂರಕ್ಕೆ ಮೂರೂವರೆ ರೂಪಾಯಿ ಹೋಗುತ್ತದೆ. ಅದೂ ನಾಯಕನ ಹೆಬ್ಬೆರಳಿನ ಮೇಲೆ ಯಾವ ಮುಖ ಮೇಲಿದೆ, ಎದುರಿನವನು ಏನು ಕೂಗುತ್ತಾನೆ ಅಂತ ಎರಡೂ ಮೊದಲೇ ಗೊತ್ತಿದ್ದರೆ. ಬೆಟ್ ತೆಗೆದುಕೊಳ್ಳುವುದು ಅದಕ್ಕೂ ಮುಂಚೆಯೇ ನಿಂತಿರುತ್ತದೆ. "ಟಾಸ್ ಒಳಸುದ್ದಿ ಇದೆ" ಅಂತ ದುಡ್ಡು ಕೇಳುವವರು ಫೋನಿನಲ್ಲಿ ಸಿಗುತ್ತಾರೆ. ಅವರ ದಾರಿಯೂ ಸುಲಭ. ಅರ್ಧ ಜನಕ್ಕೆ ಒಂದು ತಂಡ, ಇನ್ನರ್ಧ ಜನಕ್ಕೆ ಇನ್ನೊಂದು ತಂಡ ಹೇಳುತ್ತಾರೆ. ಸರಿ ಬಂದ ಅರ್ಧ ಜನ ಮರುದಿನ ಮತ್ತೆ ದುಡ್ಡು ಕಳಿಸುತ್ತಾರೆ.

ಕಾನೂನಿನ ಮಾತು ಒಂದೇ ಸಾಲಿನಲ್ಲಿ: ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾನೂನು ನಿಷೇಧಿಸಿದೆ. ಹಾಗಾಗಿ ಗೆದ್ದ ದುಡ್ಡು ಕೊಡದೆ ಕೈ ಎತ್ತಿದರೆ ಹೋಗಿ ಕೇಳುವುದಕ್ಕೂ ಅವನಿಗೆ ಜಾಗವಿರುವುದಿಲ್ಲ.

ಅವನ ಹತ್ತಿರ ಮಾತಾಡುವಾಗ "ಎಷ್ಟು ಕಳೆದೆ" ಅಂತ ಕೇಳಬೇಡಿ, ಉತ್ತರ ಬರುವುದಿಲ್ಲ. "ಇಲ್ಲಿಯವರೆಗೆ ಒಟ್ಟು ಎಷ್ಟು ಕಟ್ಟಿದ್ದೀಯ" ಅಂತ ಕೇಳಿ. ಸಾವಿರ ರೂಪಾಯಿ ಹಾಕಿದೆ ಅಂತ ಅವನು ಹೇಳಬಹುದು. ಆದರೆ ಗೆದ್ದಿದ್ದನ್ನು ತಿರುಗಿಸಿ ಕಟ್ಟಿ, ಅದರಲ್ಲಿ ಉಳಿದಿದ್ದನ್ನು ಮತ್ತೆ ಕಟ್ಟಿ, ಅದೇ ಸಾವಿರ ಹತ್ತು ಸುತ್ತು ಓಡಿರುತ್ತದೆ. ಕಮಿಷನ್ ಬೀಳುವುದು ಹಾಕಿದ ಸಾವಿರಕ್ಕಲ್ಲ, ಓಡಿದ ಹತ್ತು ಸಾವಿರಕ್ಕೆ. ಅವನ ಫೋನಿನಲ್ಲಿ ಹಳೆಯ ಬೆಟ್‌ಗಳ ಪಟ್ಟಿ ಇರುತ್ತದೆ. ಸೋಲು ಗೆಲುವು ನೋಡದೆ, ಕಟ್ಟಿದ ಮೊತ್ತಗಳನ್ನಷ್ಟೇ ಕೂಡಿಸಿ ಇಪ್ಪತ್ತರಿಂದ ಭಾಗಿಸಲು ಹೇಳಿ, ನೂರಕ್ಕೆ ಐದರಂತೆ ಕಮಿಷನ್ ಎಷ್ಟಾಯ್ತು ಅಂತ ಗೊತ್ತಾಗುತ್ತದೆ.