ವಯಸ್ಸಾದ ನಾಯಿಯ ಹಲ್ಲು ಕ್ಲೀನಿಂಗ್‌ಗೆ ಮುಂಚೆ ರಕ್ತ ಪರೀಕ್ಷೆ ಯಾಕೆ?

"ನಮ್ಮ ನಾಯಿಗೆ 11 ವರ್ಷ. ಹಲ್ಲು ಕ್ಲೀನ್ ಮಾಡಿಸೋಕೆ ಹೋದ್ರೆ ಡಾಕ್ಟ್ರು ಮೊದಲು ರಕ್ತ ಪರೀಕ್ಷೆ ಅಂತಾರೆ. ಊಟ, ಓಡಾಟ ಎಲ್ಲಾ ಚೆನ್ನಾಗೇ ಇದೆ. ನಿಜವಾಗ್ಲೂ ಬೇಕಾ?"

ಬೇಕು ಸರ್. ನಾನು ಮೈಸೂರಿನಲ್ಲಿ ನಾಯಿ, ಬೆಕ್ಕು ನೋಡುವ ಪಶುವೈದ್ಯ. ಇದೇ ಮಾತನ್ನು ನಮ್ಮಲ್ಲಿಗೆ ಬರುವವರಿಗೂ ಕಾಗದದಲ್ಲಿ ಬರೆದು ಕೊಡುತ್ತೇನೆ.

ಒಸಡಿನ ಅಡಿಯ ಪಾಚಿ ತೆಗೆಯಲು ನಾಯಿಗೆ ಪೂರ್ತಿ ಅರಿವಳಿಕೆ ಕೊಡಲೇಬೇಕು. ಯಂತ್ರದ ನೀರು ಶ್ವಾಸಕೋಶಕ್ಕೆ ಇಳಿಯದಂತೆ ಗಂಟಲಿಗೆ ಟ್ಯೂಬ್ ಹಾಕುತ್ತೇವೆ. ಯಾವ ಹಲ್ಲು ಕೀಳಬೇಕು ಅನ್ನುವುದು ಎಷ್ಟೋ ಸಲ ನಾಯಿ ಮಲಗಿದ ಮೇಲೇ ತಿಳಿಯುವುದು. ಕಿತ್ತ ಜಾಗದ ರಕ್ತ ನಿಲ್ಲುತ್ತದೆಯೇ ಎಂದು ಆಗ ಯೋಚಿಸಿದರೆ ತಡವಾಯಿತು.

ಮಂಡ್ಯ ಕಡೆಯಿಂದ 10 ವರ್ಷದ ಪೊಮೇರಿಯನ್ ಒಂದು ಬಂದಿತ್ತು. ಬಾಯಿ ವಾಸನೆ, ಎಂಜಲಲ್ಲಿ ಆಗಾಗ ರಕ್ತ. ಹುಳುಕು ಹಲ್ಲಿನಿಂದಲೇ ಇರಬೇಕು ಅಂತ ಮನೆಯವರು ಅಂದುಕೊಂಡಿದ್ದರು. ರಕ್ತ ನೋಡಿದರೆ ಪ್ಲೇಟ್‌ಲೆಟ್ 38,000. ನಾಯಿಗೆ ಸುಮಾರು 2 ಲಕ್ಷದ ಮೇಲಿರಬೇಕು. ಪ್ಲೇಟ್‌ಲೆಟ್ ಗುಂಪುಗಟ್ಟಿದರೆ ಯಂತ್ರ ಕಡಿಮೆ ಎಣಿಸುತ್ತದೆ, ಅದಕ್ಕೆ ಗಾಜಿನ ಮೇಲೆ ರಕ್ತ ಸವರಿ ಮೈಕ್ರೋಸ್ಕೋಪಿನಲ್ಲೂ ನೋಡಿದೆ. ನಿಜಕ್ಕೂ ಕಡಿಮೆಯೇ ಇತ್ತು. ಕಿಟ್ ಪರೀಕ್ಷೆಯಲ್ಲಿ, ರಕ್ತ ಹೀರುವ ಉಣ್ಣೆ ಹುಳದಿಂದ ಹರಡಿ ಪ್ಲೇಟ್‌ಲೆಟ್ ಇಳಿಸುವ ಎರ್ಲಿಕಿಯ ಸೋಂಕು ಸಿಕ್ಕಿತು. ಈ ಸೋಂಕು ಜ್ವರವೇ ಇಲ್ಲದೆ ತಿಂಗಳುಗಟ್ಟಲೆ ಮೈಯಲ್ಲಿ ಕೂತಿರಬಲ್ಲದು. ಉಣ್ಣೆ ಕಾಟ ಇರುವ ನಮ್ಮ ಕಡೆ ನಾನು ಮೊದಲು ಹುಡುಕುವುದೇ ಇದನ್ನು. ಆವತ್ತೇ ಹಲ್ಲು ಕಿತ್ತಿದ್ದರೆ ರಕ್ತ ನಿಲ್ಲಿಸಲು ಒದ್ದಾಡಬೇಕಾಗುತ್ತಿತ್ತು. 28 ದಿನ ಡಾಕ್ಸಿಸೈಕ್ಲಿನ್ ಕೊಟ್ಟು ಮತ್ತೆ ನೋಡಿದಾಗ 1.9 ಲಕ್ಷ. ಆಮೇಲೆ ಕ್ಲೀನ್ ಮಾಡಿ 2 ಹಲ್ಲು ಕಿತ್ತೆ, ಸಂಜೆ ಮನೆಗೆ ಹೋಯಿತು.

ಇನ್ನೊಂದು ಕಿಡ್ನಿ. ಮುಕ್ಕಾಲು ಭಾಗ ಕೆಲಸ ನಿಂತ ಮೇಲಷ್ಟೇ, ಕಿಡ್ನಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ ಏರುವುದು. ಅಲ್ಲಿಯವರೆಗೆ ನಾಯಿ ಉಂಡುಕೊಂಡು ಆಡಿಕೊಂಡೇ ಇರುತ್ತದೆ. ಅರಿವಳಿಕೆಯಲ್ಲಿ ಬಿಪಿ ಇಳಿದರೆ ಉಳಿದ ಕಾಲು ಭಾಗಕ್ಕೂ ರಕ್ತ ಸಾಲದು. ಕಿಡ್ನಿ ಸೋತಿದೆ ಅಂತ ಮೊದಲೇ ಗೊತ್ತಿದ್ದರೆ ಡ್ರಿಪ್ ಹಾಕಿ, ಬಿಪಿ ಅಳೆಯುತ್ತಾ ಕೆಲಸ ಮಾಡುತ್ತೇವೆ. ನೋವಿಗೆ, ಸೋತ ಕಿಡ್ನಿಗೆ ಹೊರೆಯಾಗುವ ಮೆಲಾಕ್ಸಿಕ್ಯಾಂ ಬಿಟ್ಟು ಬೇರೆ ಔಷಧಿ ಆರಿಸುತ್ತೇವೆ. ಕ್ರಿಯಾಟಿನಿನ್ ಸರಿಯಿದ್ದ ಮಾತ್ರಕ್ಕೆ ಕಿಡ್ನಿ ಸರಿಯಿದೆ ಅನ್ನಲಾಗದು, ಹಾಗಾಗಿ ಮೂತ್ರವನ್ನೂ ನೋಡುವುದು ಒಳ್ಳೆಯದು. ಬೆಳಗಿನ ಮೊದಲ ಮೂತ್ರವನ್ನು ಶುದ್ಧ ಡಬ್ಬಿಯಲ್ಲಿ ಹಿಡಿದು ತನ್ನಿ.

ಹೃದಯದ ತೊಂದರೆ ಈ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಅದಕ್ಕೆ ಸ್ಟೆತಾಸ್ಕೋಪ್ ಇಟ್ಟು ಕೇಳಲೇಬೇಕು, ಸದ್ದು ಬೇರೆಯಿದ್ದರೆ ಎಕೋ. ಈಚೆಗೆ ನೀರು ಜಾಸ್ತಿ ಕುಡಿಯುತ್ತಿದೆಯೇ, ರಾತ್ರಿ ಕೆಮ್ಮುತ್ತದೆಯೇ, ಮೈಮೇಲೆ ಉಣ್ಣೆ ಕಂಡಿತ್ತೇ, ಈ ಮೂರನ್ನು ರಕ್ತ ಕೊಡುವ ದಿನವೇ ನಿಮ್ಮ ಡಾಕ್ಟರಿಗೆ ಹೇಳಿಬಿಡಿ.